ಬಿಸಿಲಾಗ ತೆಗೆದ ಶಾಟು, ರಾತ್ರಿ ಹೆಂಗಾತು?

ಈ ಶಾಟ್ ನೋಡ್ರಿ.
ನಮ್ಮ ಕನಕಗಿರಿ, ಕನಕಾಚಲಪತಿ ಗುಡಿ, ರಾತ್ರಿ ಹೊತ್ತು.
ತೆಗೆದದ್ದು ಯಾವಾಗ ಗೊತ್ತೇನ್ರಿ?
ಸಂಜಿ 4ಕ್ಕ, ಚುರುಚುರು ಬಿಸಿಲಾಗ!

ಮೊದಲು ಕ್ಯಾಮೆರಾ ಎಲ್ಲಿ ನಿಲ್ಲಸ್ತೀರಿ ಅನ್ನೋದು.
ಸೂರ್ಯ ಕಂಬದ ಹಿಂದ ಇರ್ಲಿ.
ಆಗ ಕಲ್ಲಿನ ಅಂಚಿಗೆ ಅಷ್ಟ ಬೆಳಕಿನ ಗೆರಿ,
ನಮ್ಮ ಕಡೆ ಪೂರ್ತಿ ನೆರಳು.
ಆ ಗೆರಿನೇ ಮುಂದ ಬೆಳದಿಂಗಳಾಗ್ತೈತಿ.
ಆಕಾಶ ಆದಷ್ಟು ಕಡಿಮಿ ಕಾಣ್ಲಿ.

ಈಗ ಗ್ರೇಡಿಂಗ್.
ಬಹಳ ಮಂದಿ ಮೊದಲೇ ನೀಲಿ ಸುರೀತಾರ. ಬ್ಯಾಡ್ರಿ!
ಮೊದಲು ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಸ್ರಿ.
ಆಮೇಲೆ ಸ್ಯಾಚುರೇಶನ್ ಅರ್ಧ ಮಾಡ್ರಿ,
ಕೆಂಪು ಇನ್ನೂ ಕಡಿಮಿ.
ಯಾಕಂದ್ರ ಮಬ್ಬು ಬೆಳಕಿನ್ಯಾಗ
ನಮ್ಮ ಕಣ್ಣಿಗೆ ಕೆಂಪು ಮೊದಲು ಕಪ್ಪಾಗ್ತೈತಿ.
ನೀಲಿ ಕಡೀಕ.
ಈಗ ಸ್ವಲ್ಪ ನೀಲಿ ಹಾಕ್ರಿ, ಬಿಳಿ ಧೋತ್ರಕ್ಕ ಹಾಕೋ ಹಂಗ:
ಎರಡು ಹನಿ ಹಾಕಿದ್ರ ಹೊಳಪು,
ಹೆಚ್ಚಾದ್ರ ಧೋತ್ರನೇ ನೀಲಿ!

ಇಷ್ಟಾದ್ರೂ ಇದು ಬರೇ ಮಂಕಾದ ಹಗಲು.
ದೀಪ ಬೇಕು.
ಬಾಗಿಲ ಪಕ್ಕದ ಗೋಡಿಗೆ ದುಂಡನ್ನ ಮಾಸ್ಕ್ ಹಾಕ್ರಿ.
ಒಳಗ ಎಕ್ಸ್‌ಪೋಷರ್ ಏರಸ್ರಿ, ಕಿತ್ತಳೆ ಬಣ್ಣ ಕೊಡ್ರಿ,
ಅಂಚು ಚೆಂದಂಗ ಕರಗ್ಲಿ.
ಕ್ಯಾಮೆರಾ ಅಲುಗ್ಯಾಡಿದ್ರ ಮಾಸ್ಕ್ ಟ್ರ್ಯಾಕ್ ಮಾಡಾಕ ಬೇಕು,
ಇಲ್ಲಂದ್ರ ಬೆಳಕು ಗೋಡಿ ಮ್ಯಾಲ ಜಾರ್ತೈತಿ.

ಈಗ ಬಾಜೂ ಕಂಬ ನೋಡ್ರಿ.
ದೀಪದ ಕಡಿ ಮುಖ ಅಷ್ಟ ಬೆಳಗೈತಿ, ಆ ಕಡಿ ಕತ್ತಲ.
ಕಂಬಕ್ಕ ಹಿಂಗ ಬೆಳಕು ಕೊಡದಿದ್ರ ದೀಪ ಅಂಟಿಸಿದಂಗ ಕಾಣ್ತೈತಿ.

ಒಂದು ಮಾತ್ರ ನೆಪ್ಪಿಡ್ರಿ.
ದೀಪದ ಬುಡದಾಗ ಬಿಸಿಲಿನ ಚೂಪು ನೆರಳಿದ್ರ
ಗ್ರೇಡಿಂಗಿನ್ಯಾಗ ಅದು ಅಳಿಯಂಗಿಲ್ಲ.
ದೀಪ ಇಡೋ ಜಾಗಾನೇ ಬದಲಿ ಮಾಡ್ರಿ.