ಅಭ್ಯರ್ಥಿಯನ್ನು ಆರಿಸುವುದು ಅಂಕವೋ, ಅಂಕ ಹಾಕುವ ರೀತಿಯೋ?

ತಾಲ್ಲೂಕು ಕೇಂದ್ರವೊಂದರ ಪತ್ತಿನ ಸಹಕಾರ ಸಂಘಕ್ಕೆ ಲೆಕ್ಕ ಗುಮಾಸ್ತರು ಬೇಕಾಗಿದ್ದಾರೆ ಎಂದುಕೊಳ್ಳೋಣ. ಅರ್ಜಿಗಳನ್ನು ಸೋಸಿದ ಮೇಲೆ ಮೂವರು ಉಳಿದಿದ್ದಾರೆ. ಒಬ್ಬರು ಬಟ್ಟೆ ಅಂಗಡಿಯಲ್ಲಿ 12 ವರ್ಷ ಲೆಕ್ಕ ಬರೆದವರು. ಇನ್ನೊಬ್ಬರು ಬೇರೊಂದು ಸಹಕಾರ ಸಂಘದಲ್ಲಿ 5 ವರ್ಷ ದುಡಿದವರು. ಮೂರನೆಯವರು ಬಿ.ಕಾಂ. ಮುಗಿಸಿ ಆಡಿಟರ್ ಕಚೇರಿಯಲ್ಲಿ 2 ವರ್ಷ ಕೆಲಸ ಮಾಡಿದವರು.

ಆಯ್ಕೆಯಲ್ಲಿ ಪಕ್ಷಪಾತ ನುಸುಳಬಾರದೆಂದು ಆಡಳಿತ ಮಂಡಳಿ ಅಂಕಪಟ್ಟಿಯೊಂದನ್ನು ಮಾಡಿಕೊಂಡಿದೆ. ಅನುಭವಕ್ಕೆ 30, ಕೌಶಲಕ್ಕೆ 40, ಸಂದರ್ಶನಕ್ಕೆ 30, ಒಟ್ಟು 100. ಪ್ರತಿ ವಿಭಾಗದಲ್ಲೂ ಮೊದಲು 10ಕ್ಕೆ ಅಂಕ ಹಾಕಿ, ಆಮೇಲೆ ಆ ವಿಭಾಗದ ವೇಟೇಜ್‌ಗೆ ಏರಿಸುವುದು ಕ್ರಮ. ಅಂದರೆ ಅನುಭವ ಮತ್ತು ಸಂದರ್ಶನದ ಅಂಕವನ್ನು 3ರಿಂದಲೂ ಕೌಶಲದ ಅಂಕವನ್ನು 4ರಿಂದಲೂ ಗುಣಿಸಿದರಾಯಿತು. ಮಂಡಳಿ ಹಾಕಿದ ಅಂಕಗಳು ಹೀಗಿವೆ:

| ಅಭ್ಯರ್ಥಿ | ಅನುಭವ | ಕೌಶಲ | ಸಂದರ್ಶನ | ಒಟ್ಟು (100ಕ್ಕೆ) |
|---|---|---|---|---|
| ಅಂಗಡಿಯವರು | 8 | 6 | 9 | 75 |
| ಸಂಘದವರು | 7 | 7 | 6 | 67 |
| ಆಡಿಟರ್ ಕಚೇರಿಯವರು | 6 | 8 | 4 | 62 |

ಕೌಶಲಕ್ಕೇ ಹೆಚ್ಚು ತೂಕ ಕೊಟ್ಟಿದ್ದೇವೆ ಎಂದು ಮಂಡಳಿ ನಂಬಿದೆ. ಆದರೆ ಕೌಶಲದಲ್ಲಿ ಎಲ್ಲರಿಗಿಂತ ಹಿಂದಿರುವವರೇ ಮೊದಲ ಸ್ಥಾನಕ್ಕೆ ಬಂದಿದ್ದಾರೆ. ಕೂಡುವುದರಲ್ಲಿ, ಗುಣಿಸುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು ಅಂಕಗಳ ಹರವಿನಲ್ಲಿ.

ಕೌಶಲದ ಅಂಕಗಳು 6ರಿಂದ 8ರ ನಡುವೆಯೇ ಇವೆ. 40ಕ್ಕೆ ಏರಿಸಿದರೂ ಅಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರ 8 ಅಂಕ ಮಾತ್ರ. ಸಂದರ್ಶನದ ಅಂಕಗಳು 4ರಿಂದ 9ರವರೆಗೆ ಹರಡಿವೆ. 30ಕ್ಕೆ ಏರಿಸಿದಾಗ ಅಂತರ 15. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕ ಬೀಳುವ ವಿಭಾಗಕ್ಕೆ ಎಷ್ಟೇ ವೇಟೇಜ್ ಇದ್ದರೂ ಅದು ಯಾರನ್ನೂ ಹಿಂದೆ ಮುಂದೆ ಮಾಡಲಾರದು. ಹಾಗಾಗಿ ಹಾಳೆಯ ಮೇಲೆ ಸಂದರ್ಶನಕ್ಕೆ 30 ಎಂದಿದ್ದರೂ ಇಲ್ಲಿ ಕೆಲಸ ಕೊಟ್ಟದ್ದು ಸಂದರ್ಶನವೇ.

ಹೀಗೇಕಾಯಿತು? ಕೌಶಲಕ್ಕೆ ಅಂಕ ಹಾಕಿದ್ದು ಅರ್ಜಿ ನೋಡಿ. ಮೂವರೂ ‘ಟ್ಯಾಲಿ ಗೊತ್ತಿದೆ’ ಎಂದು ಬರೆದಿದ್ದರು, ಮೂವರೂ ಪ್ರಮಾಣಪತ್ರ ಲಗತ್ತಿಸಿದ್ದರು. ಕೈಯಲ್ಲಿ ಬೇರೆ ಆಧಾರವಿಲ್ಲದಾಗ 3 ಹಾಕಲೂ ಧೈರ್ಯ ಬರುವುದಿಲ್ಲ, 10 ಹಾಕಲೂ ಬರುವುದಿಲ್ಲ; ಎಲ್ಲರೂ ನಡುವೆ ನಿಲ್ಲುತ್ತಾರೆ. ಸಂದರ್ಶನದ ಕತೆ ಬೇರೆ. ಹತ್ತು ನಿಮಿಷದ ಮಾತಿನಲ್ಲೇ ಒಬ್ಬರು ಮನಸ್ಸಿಗೆ ಹಿಡಿಸುತ್ತಾರೆ, ಇನ್ನೊಬ್ಬರು ಹಿಡಿಸುವುದಿಲ್ಲ. ಆ ಭಾವನೆ ಬಲವಾಗಿರುವುದರಿಂದ ಅಂಕವೂ ಧಾರಾಳವಾಗಿ ಏರುತ್ತದೆ, ಇಳಿಯುತ್ತದೆ.

ಇದಕ್ಕೆ ಪರಿಹಾರ ವೇಟೇಜ್ ಬದಲಿಸುವುದಲ್ಲ. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಅರ್ಜಿ ಕರೆಯುವ ಮುನ್ನವೇ ಬರೆದಿಡಬೇಕು.

ಅನುಭವಕ್ಕೆ ಹೀಗೆ ಬರೆಯಬಹುದು: ಪೂರ್ತಿಯಾದ ಪ್ರತಿ ವರ್ಷಕ್ಕೆ 1 ಅಂಕ, ಗರಿಷ್ಠ 5. ಕೆಲಸದ ಸ್ವರೂಪಕ್ಕೆ ಉಳಿದ 5: ಸಹಕಾರ ಸಂಘದ ಲೆಕ್ಕವಾದರೆ 5, ಆಡಿಟರ್ ಕಚೇರಿಯಾದರೆ 3, ಅಂಗಡಿಯ ಲೆಕ್ಕವಾದರೆ 2. ವರ್ಷಗಳಿಗೆ ಮಿತಿ ಹಾಕಲು ಕಾರಣವಿದೆ. ಆಯ್ಕೆಯ ವಿಧಾನಗಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಅಮೆರಿಕದ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಮರುಲೆಕ್ಕ ಹಾಕಿದರು. ಎಷ್ಟು ವರ್ಷ ದುಡಿದಿದ್ದಾರೆ ಎಂಬ ಒಂದೇ ಸಂಗತಿಯಿಂದ ಮುಂದಿನ ಕೆಲಸ ಹೇಗಿರುತ್ತದೆಂದು ಹೇಳುವುದು ಬಹುಮಟ್ಟಿಗೆ ಆಗದ ಮಾತು ಎಂದು ಅದರಿಂದ ಕಂಡುಬಂತು. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಹಾಕುವ ಸಂದರ್ಶನ ಆ ಪಟ್ಟಿಯ ತುದಿಯಲ್ಲಿತ್ತು.

ಕೌಶಲವನ್ನು ಕೆಲಸ ಮಾಡಿಸಿಯೇ ನೋಡಬೇಕು. ಹತ್ತು ವೋಚರ್ ಕೊಟ್ಟು ಕಂಪ್ಯೂಟರಿನಲ್ಲಿ ನಮೂದಿಸಲು ಹೇಳಿ. ಬೇಕೆಂದೇ ತಪ್ಪು ಸೇರಿಸಿದ ತಾಳೆಪಟ್ಟಿ ಕೊಟ್ಟು ತಪ್ಪು ಹುಡುಕಲು ಹೇಳಿ. ಕಂತು ಬಾಕಿ ಇರಿಸಿಕೊಂಡ ಸದಸ್ಯರಿಗೆ ಕನ್ನಡದಲ್ಲಿ ಒಂದು ಪತ್ರ ಬರೆಸಿ. ಸರಿ ಉತ್ತರ ಮೊದಲೇ ಸಿದ್ಧವಿದ್ದರೆ ಅಂಕ ಹಾಕುವವರು ಯಾರಾದರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಸಂದರ್ಶನದ ಪ್ರಶ್ನೆಗೂ ಇಂಥ ಅಳತೆ ಬೇಕು. ‘ಸಂಜೆ ನಗದು ಎಣಿಸಿದಾಗ ಪುಸ್ತಕದಲ್ಲಿರುವುದಕ್ಕಿಂತ 500 ರೂಪಾಯಿ ಕಡಿಮೆ ಬಂದರೆ ಏನು ಮಾಡುತ್ತೀರಿ?’ ಎಂದು ಮೂವರನ್ನೂ ಕೇಳಿ. ‘ಕೈಯಿಂದ ಹಾಕಿ ಸರಿಮಾಡುತ್ತೇನೆ’ ಎಂದರೆ 2 ಅಂಕ; ಅದು ಪ್ರಾಮಾಣಿಕತೆಯಂತೆ ಕಂಡರೂ ತಪ್ಪನ್ನು ಮುಚ್ಚುವ ಅಭ್ಯಾಸ. ‘ರಸೀದಿ, ವೋಚರ್‌ಗಳನ್ನು ಮತ್ತೊಮ್ಮೆ ತಾಳೆ ನೋಡುತ್ತೇನೆ’ ಎಂದರೆ 6. ತಾಳೆ ನೋಡಿ, ಸಿಗದಿದ್ದರೆ ಅದೇ ದಿನ ಕಾರ್ಯದರ್ಶಿಗಳಿಗೆ ತಿಳಿಸಿ ಬರಹದಲ್ಲಿ ದಾಖಲಿಸುತ್ತೇನೆ ಎಂದರೆ 10. ಸಂದರ್ಶಕರು ಪ್ರತಿ ಉತ್ತರಕ್ಕೂ ಆಗಲೇ, ತಮ್ಮ ತಮ್ಮ ಹಾಳೆಯಲ್ಲಿ, ಪರಸ್ಪರ ಮಾತಾಡದೆ ಅಂಕ ಬರೆಯಬೇಕು. ಮೊದಲು ಚರ್ಚೆಗೆ ಕುಳಿತರೆ ಅಧ್ಯಕ್ಷರ ಅಭಿಪ್ರಾಯವೇ ಎಲ್ಲರ ಅಂಕವಾಗಿಬಿಡುತ್ತದೆ.

ಈ ಕ್ರಮದಲ್ಲಿ ಅದೇ ಮೂವರಿಗೆ ಅಂಕ ಹಾಕಿದರೆ ಏನಾಗಬಹುದು ನೋಡಿ. ಅನುಭವದಲ್ಲಿ ಅಂಗಡಿಯವರಿಗೆ 7, ಸಂಘದವರಿಗೆ 10, ಆಡಿಟರ್ ಕಚೇರಿಯವರಿಗೆ 5. ಪ್ರಾಯೋಗಿಕ ಪರೀಕ್ಷೆಯಲ್ಲಿ ಕ್ರಮವಾಗಿ 4, 7, 9 ಬಂತೆನ್ನಿ; ಸಂದರ್ಶನದಲ್ಲಿ 7, 7, 6. ಒಟ್ಟು ಅಂಕ ಸಂಘದವರಿಗೆ 79, ಆಡಿಟರ್ ಕಚೇರಿಯವರಿಗೆ 69, ಅಂಗಡಿಯವರಿಗೆ 58. ಮೊದಲ ಪಟ್ಟಿಯಲ್ಲಿ ಗೆದ್ದವರು ಈಗ ಕೊನೆಯಲ್ಲಿದ್ದಾರೆ. ವೇಟೇಜ್ ಒಂದಿಷ್ಟೂ ಬದಲಾಗಿಲ್ಲ.

ಈ ಫಲಿತಾಂಶ ಎಷ್ಟು ಗಟ್ಟಿ ಎಂಬುದನ್ನೂ ಪರೀಕ್ಷಿಸಬಹುದು. ಅನುಭವದ 30ರಲ್ಲಿ 10 ತೆಗೆದು ಕೌಶಲಕ್ಕೆ ಸೇರಿಸಿ ನೋಡಿ. ಸಂಘದವರಿಗೆ 76, ಆಡಿಟರ್ ಕಚೇರಿಯವರಿಗೆ 73. ಅಂತರ ಕಡಿಮೆಯಾದರೂ ಮೊದಲ ಸ್ಥಾನ ಅಲುಗಲಿಲ್ಲ. ವೇಟೇಜನ್ನು ಇಷ್ಟು ಸರಿಸಿದ ಕೂಡಲೇ ಮೇಲಿನವರು ಕೆಳಗಾದರೆ ಅವರಿಬ್ಬರೂ ಸಮಾನರೆಂದೇ ತಿಳಿಯಬೇಕು. ಆಗ ಒಂದೆರಡು ಅಂಕದ ಅಂತರ ಹಿಡಿದು ತೀರ್ಮಾನ ಮಾಡದೆ ಇನ್ನೊಂದು ಪ್ರಾಯೋಗಿಕ ಕೆಲಸ ಕೊಟ್ಟು ನೋಡುವುದು ಲೇಸು. ಆದರೆ ಇದು ಪರೀಕ್ಷೆಗೆ ಮಾತ್ರ. ಬೇಕಾದವರು ಮೇಲೆ ಬರುವವರೆಗೆ ವೇಟೇಜ್ ಸರಿಸುತ್ತಾ ಹೋಗುವುದು ಮೋಸ.

ಒಟ್ಟು ಅಂಕಕ್ಕೆ ಇನ್ನೊಂದು ದೋಷವಿದೆ. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ತುಂಬಿಬಿಡುತ್ತದೆ. ತಾಳೆಪಟ್ಟಿಯ ತಪ್ಪು ಹುಡುಕಲಾರದವರು ಮಾತಿನ ಬಲದಿಂದ ಮುಂದೆ ಬರಬಹುದು. ಅದಕ್ಕಾಗಿ ಕೌಶಲದಲ್ಲಿ ಕನಿಷ್ಠ 5 ಬರಲೇಬೇಕೆಂಬ ನಿಯಮ ಇಡಬಹುದು. ಇಡುವುದಾದರೆ ಮೊದಲೇ ಇಡಬೇಕು. ಆಂಧ್ರಪ್ರದೇಶದ ಜಿಲ್ಲಾ ನ್ಯಾಯಾಧೀಶರ ನೇಮಕದಲ್ಲಿ ಸಂದರ್ಶನ ಮುಗಿದ ಮೇಲೆ ಅದಕ್ಕೆ ಕನಿಷ್ಠ ಅಂಕ ಗೊತ್ತುಮಾಡಲಾಗಿತ್ತು. ಕೆ. ಮಂಜುಶ್ರೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಅದನ್ನು ಒಪ್ಪಲಿಲ್ಲ. ಆಟ ಶುರುವಾದ ಮೇಲೆ ನಿಯಮ ಬದಲಿಸಬಾರದು ಎಂಬ ತತ್ವವನ್ನು 2024ರಲ್ಲಿ ಸಂವಿಧಾನ ಪೀಠವೂ ಎತ್ತಿಹಿಡಿಯಿತು. ಆ ತೀರ್ಪುಗಳು ಸರ್ಕಾರಿ ನೇಮಕಾತಿಗೆ ಸಂಬಂಧಿಸಿದವು. ಖಾಸಗಿ ಸಂಸ್ಥೆಗೆ ಕಾನೂನಿನ ಕಟ್ಟು ಅಷ್ಟಿಲ್ಲದಿದ್ದರೂ ನ್ಯಾಯ ಬೇರೆಯಾಗುವುದಿಲ್ಲ.

ನೇಮಕಾತಿ ಸಮಿತಿಯಲ್ಲಿ ಕುಳಿತುಕೊಳ್ಳುವವರು ಮುಂದಿನ ಬಾರಿ ಒಟ್ಟು ಅಂಕ ಕೂಡುವ ಮುನ್ನ ಪ್ರತಿ ವಿಭಾಗದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಗಳ ಅಂತರ ಬರೆದು ನೋಡಿ. ಕೆಲಸ ಬಲ್ಲವರನ್ನು ಆರಿಸುತ್ತಿದ್ದೀರೋ, ಮಾತು ಬಲ್ಲವರನ್ನೋ ಎಂಬುದು ಅಲ್ಲೇ ತಿಳಿಯುತ್ತದೆ. ಆಯ್ಕೆಯಾಗದವರು ಬಂದು ಕೇಳಿದರೆ ಅವರ ಅಂಕಪಟ್ಟಿಯನ್ನು ಅವರ ಕೈಗೆ ಕೊಡಿ. ಕೊಡಲು ಹಿಂಜರಿಕೆಯಾಗುವಂಥ ಪಟ್ಟಿಯನ್ನು ಆಧರಿಸಿ ಯಾರಿಗೂ ಕೆಲಸ ಕೊಡಬಾರದು, ಯಾರಿಗೂ ತಪ್ಪಿಸಬಾರದು.