ಒಂದೇ ಬಿಲ್‌ಗೆ ಎರಡು ಸಲ ದುಡ್ಡು ಹೋಯ್ತಾ?

ಸಪ್ಲೈಯರ್ ವಾಟ್ಸಾಪ್‌ನಲ್ಲಿ ಕಳಿಸಿದ ಬಿಲ್ INV-0457 ಅಂತ ಎಂಟ್ರಿ ಆಯ್ತು. ವಾರ ಬಿಟ್ಟು ಕಾಗದದ ಬಿಲ್ ಬಂತು, ಇನ್ನೊಬ್ಬರು ಬರೀ 457 ಅಂತ ಹಾಕಿದ್ರು. ನಂಬರ್ ಬೇರೆ ಕಂಡಿದ್ದಕ್ಕೆ ಸಾಫ್ಟ್‌ವೇರ್ ತಡೀಲಿಲ್ಲ. 47,200 ರೂಪಾಯಿ ಎರಡು ಸಲ ಹೋಯ್ತು.

ಇಂಥದ್ದನ್ನ ಹಿಡಿಯೋಕೆ ಬಿಲ್ ನಂಬರ್ ನೆಚ್ಚಿಕೊಳ್ಳಬೇಡಿ. ಸಪ್ಲೈಯರ್, ಬಿಲ್ ತಾರೀಖು, ಮೊತ್ತ ಮೂರೂ ಒಂದೇ ಇರೋ ಸಾಲು ಹುಡುಕಿ. ಜಿಎಸ್‌ಟಿಆರ್-2ಬಿ ತೆಗೆದು ನೋಡಿ, ಅಲ್ಲಿ ಆ ಬಿಲ್ ಒಂದೇ ಸಲ ಇರುತ್ತೆ.

ಪೇಮೆಂಟ್ ಎಂಟ್ರಿ ಮಾತ್ರ ಅಳಿಸಬೇಡಿ, ದುಡ್ಡು ನಿಜವಾಗ್ಲೂ ಹೋಗಿದೆಯಲ್ಲ! ರದ್ದಾಗಬೇಕಾದ್ದು ಎರಡನೇ ಪರ್ಚೇಸ್ ಎಂಟ್ರಿ. ಅದರ ಮೇಲೆ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ರೆ ಅದನ್ನೂ ರಿವರ್ಸ್ ಮಾಡಿ. ಆಗ ಸಪ್ಲೈಯರ್ ಖಾತೆಯಲ್ಲಿ 47,200 ಡೆಬಿಟ್ ಕಾಣುತ್ತೆ.

ಸಪ್ಲೈಯರ್‌ಗೆ ಎರಡೂ ಯುಟಿಆರ್ ನಂಬರ್ ಕಳಿಸಿ, ಅವರ ಲೆಡ್ಜರ್ ತರಿಸಿ. ವ್ಯವಹಾರ ಮುಂದುವರೀತಿದ್ರೆ ಮುಂದಿನ ಬಿಲ್‌ಗೆ ವಜಾ ಮಾಡ್ಕೊಳ್ಳಿ. ಇಲ್ಲಾಂದ್ರೆ ಬ್ಯಾಂಕಿಗೇ ವಾಪಸ್ ಹಾಕಿಸ್ಕೊಳ್ಳಿ.