ಪಿಂಗಾಣಿಯ ಬಲ: ಸರಾಸರಿ ಹೇಳದ ಮಾತು

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಆ ನಿಮಿಷವು ಎಲ್ಲ ಮಡಕೆಗಳಿಗೂ ಒಂದೇ ಆಗಿರುವುದಿಲ್ಲವೆಂಬುದು ಮನೆವಾರ್ತೆ ನಡೆಸುವವರೆಲ್ಲರೂ ಬಲ್ಲ ಸಂಗತಿ. ಒಂದೇ ಮಣ್ಣಿನಿಂದ ಮಾಡಿ, ಒಂದೇ ಆವಿಗೆಯಲ್ಲಿ ಸುಟ್ಟು, ಒಂದೇ ದಿನ ಕೊಂಡು ತಂದ ಎರಡು ಪಿಂಗಾಣಿ ಬಟ್ಟಲುಗಳಲ್ಲಿ ಒಂದು ಕೈಜಾರಿ ನೆಲಕ್ಕೆ ಬಿದ್ದರೂ ಉಳಿಯುವುದು. ಮತ್ತೊಂದು ತೊಳೆಯುವಾಗ ತುಸು ತಗುಲಿದ ಮಾತ್ರಕ್ಕೆ ಸೀಳಿಹೋಗುವುದು. ಇದನ್ನು ನಾವು ಅದೃಷ್ಟವೆಂದು ಕರೆದು ಸುಮ್ಮನಾಗುವೆವು. ಬಟ್ಟಲಿನ ಮಟ್ಟಿಗೆ ಅಷ್ಟು ಸಾಕು.

ಆದರೆ ಪಿಂಗಾಣಿಯ ಜಾತಿಗೆ ಸೇರಿದ ವಸ್ತುಗಳು ಈಗ ಅಡಿಗೆಮನೆಯಲ್ಲಿ ಮಾತ್ರವೇ ಇರುವುದಿಲ್ಲ. ಸೊಂಟದ ಕೀಲು ಸವೆದು ನಡೆಯಲಾರದವರಿಗೆ ಶಸ್ತ್ರವೈದ್ಯರು ತೊಡೆಯೆಲುಬಿನ ತುದಿಯಲ್ಲಿ ಕೃತಕವಾದ ಗುಂಡೊಂದನ್ನು ಕೂಡಿಸುವರು. ಈ ಗುಂಡನ್ನು ಅಲ್ಯೂಮಿನಾ ಎಂಬ ಗಟ್ಟಿಯಾದ ಪಿಂಗಾಣಿಯಿಂದ ಮಾಡುವ ಕ್ರಮವನ್ನು ಫ್ರಾನ್ಸ್ ದೇಶದ ಪಿಯರ್ ಬೂತಾಂ ಎಂಬ ವೈದ್ಯರು 1970ರಲ್ಲಿ ಆರಂಭಿಸಿದರು. ಅದು ಬಹಳ ನುಣುಪು, ಸವೆತವೂ ಅತ್ಯಲ್ಪ. ಆದರೆ ಲೋಹದಂತೆ ಬಾಗಿ ಎಚ್ಚರಿಕೆ ಕೊಡುವ ಗುಣ ಅದಕ್ಕಿಲ್ಲ. ಒಡೆದರೆ ಒಮ್ಮೆಗೇ ಒಡೆಯುವುದು. ಒಡೆದ ಚೂರುಗಳು ಕೀಲಿನೊಳಗೆ ಉಳಿದು, ಎರಡನೆಯ ಶಸ್ತ್ರಚಿಕಿತ್ಸೆಯು ಮೊದಲಿನದಕ್ಕಿಂತ ಕಷ್ಟವಾಗುವುದು. ಇಲ್ಲಿ “ಅದೃಷ್ಟ” ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಎಷ್ಟು ಗುಂಡುಗಳಲ್ಲಿ ಒಂದು ಒಡೆದೀತು ಎಂಬುದನ್ನು ಮುಂಚಿತವಾಗಿ ಲೆಕ್ಕ ಹಾಕಲೇಬೇಕು.

ಆ ಲೆಕ್ಕದ ಬುಡ ಬಿರುಕಿನಲ್ಲಿದೆ. ಸುಟ್ಟ ಮಣ್ಣಿನ ವಸ್ತು ಎಷ್ಟೇ ನಯವಾಗಿ ಕಂಡರೂ ಅದರ ಒಡಲಲ್ಲಿ ಸಣ್ಣ ರಂಧ್ರಗಳೂ, ಹೊರಮೈಯಲ್ಲಿ ಉಜ್ಜಿದ ಗೀರುಗಳೂ ಇದ್ದೇ ಇರುವುವು. ಇವುಗಳಲ್ಲಿ ಬಹುಪಾಲು ಕೂದಲೆಳೆಯ ದಪ್ಪಕ್ಕೂ ಸಾಲವು. ಇಂಗ್ಲೆಂಡಿನ ಗ್ರಿಫಿತ್ ಎಂಬ ಯಂತ್ರಶಾಸ್ತ್ರಜ್ಞನು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗಾಜಿನಂತಹ ವಸ್ತುವಿನ ಬಲವನ್ನು ನಿರ್ಧರಿಸುವುದು ಇಂತಹ ಬಿರುಕುಗಳೇ ಎಂದು ತೋರಿಸಿಕೊಟ್ಟನು. ಎಳೆತವು ಬಿರುಕಿನ ಮೊನೆಯಲ್ಲಿ ಬಂದು ಕೂಡುವುದು. ಬಿರುಕು ನಾಲ್ಕರಷ್ಟು ಆಳವಾದರೆ ವಸ್ತುವಿನ ಬಲವು ಅರ್ಧಕ್ಕೆ ಇಳಿಯುವುದು. ಲೋಹದಲ್ಲಿ ಆ ಮೊನೆಯು ಕೊಂಚ ಹರಡಿ ಮೊಂಡಾಗುವುದರಿಂದ ಸಣ್ಣ ಬಿರುಕು ಅಷ್ಟಾಗಿ ಬಾಧಿಸದು. ಪಿಂಗಾಣಿಯಲ್ಲಿ ಮೊನೆಯು ಮೊನೆಯಾಗಿಯೇ ಉಳಿಯುವುದು. ಆದುದರಿಂದ ಒಂದು ತುಂಡಿನ ಬಲವೆಂದರೆ ಅದರಲ್ಲಿರುವ ಅತ್ಯಂತ ಕೆಟ್ಟ ಬಿರುಕಿನ ಬಲ. ಸರಪಣಿಯಲ್ಲಿ ನೂರು ಕೊಂಡಿಗಳು ಗಟ್ಟಿಯಾಗಿದ್ದು ಒಂದು ಸೊಟ್ಟಗಿದ್ದರೆ, ಸರಪಣಿಯ ಬಲವು ಆ ಒಂದರ ಬಲವೇ ಅಲ್ಲವೇ?

ಈ ಸರಪಣಿಯ ಮಾತನ್ನೇ ಗಣಿತವಾಗಿ ರೂಪಿಸಿದವರು ಸ್ವೀಡನ್ ದೇಶದ ವಲೋಡಿ ವೈಬುಲ್ ಎಂಬ ಪ್ರಾಧ್ಯಾಪಕರು. ಅವರು 1939ರಲ್ಲಿ ಪ್ರಕಟಿಸಿದ ಸಿದ್ಧಾಂತದಲ್ಲಿ ವಸ್ತುವಿನ ಬಲಕ್ಕೆ ಒಂದಲ್ಲ, ಎರಡು ಅಂಕಗಳುಂಟು. ಮೊದಲನೆಯದು ಬಲದ ಮಟ್ಟ: ಎಷ್ಟು ಹೊರೆಯನ್ನು ಹೇರಿದಾಗ ನೂರಕ್ಕೆ 63 ತುಂಡುಗಳು ಒಡೆದಿರುವುವು ಎಂಬುದು. ಎರಡನೆಯದೇ ನಮ್ಮ ಲೇಖನದ ವಿಷಯ. ಅದನ್ನು ಆಕಾರಾಂಕ ಎಂದು ಕರೆಯೋಣ. ತುಂಡುಗಳ ಬಲವು ಒಂದರ ಹತ್ತಿರ ಒಂದು ಗುಂಪುಗೂಡಿದೆಯೋ, ದೂರದೂರಕ್ಕೆ ಚೆದರಿದೆಯೋ ಎಂಬುದನ್ನು ಅದು ಹೇಳುವುದು. ಅಂಕವು ದೊಡ್ಡದಾದಷ್ಟೂ ಚೆದರಿಕೆ ಕಡಮೆ. ಇಟ್ಟಿಗೆ, ಮಡಕೆ, ಸೀಮೆಸುಣ್ಣಗಳಿಗೆ ಇದು ಸುಮಾರು 5. ಯಂತ್ರಗಳಿಗಾಗಿ ಎಚ್ಚರಿಕೆಯಿಂದ ಮಾಡಿದ ಪಿಂಗಾಣಿಗೆ 10ರಿಂದ 20. ಉಕ್ಕಿಗೆ ಸುಮಾರು 100.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಕೊನೆಯವರೆಗೂ ಲೆಕ್ಕ ಮಾಡಿ ನೋಡೋಣ. ಪರೀಕ್ಷೆಗೆ ಬಳಸುವ ಪಟ್ಟಿಯು 4 ಮಿಲಿಮೀಟರು ಅಗಲ, 3 ಮಿಲಿಮೀಟರು ದಪ್ಪ, 45 ಮಿಲಿಮೀಟರು ಉದ್ದ. ಅದನ್ನು 40 ಮಿಲಿಮೀಟರು ಅಂತರದಲ್ಲಿರುವ ಎರಡು ಉರುಳೆಗಳ ಮೇಲಿಟ್ಟು, ಮೇಲಿನಿಂದ 20 ಮಿಲಿಮೀಟರು ಅಂತರದ ಎರಡು ಉರುಳೆಗಳಿಂದ ಒತ್ತಿ ಮುರಿಯುವರು. ಒಳ್ಳೆಯ ಅಲ್ಯೂಮಿನಾ ಪಟ್ಟಿಯೊಂದು ಸುಮಾರು 50 ಕಿಲೋಗ್ರಾಂ ಹೊರೆಗೆ ಮುರಿಯುವುದು. ಈಗ ಎರಡು ಆವಿಗೆಗಳಿಂದ ಮೂವತ್ತು ಮೂವತ್ತು ಪಟ್ಟಿಗಳನ್ನು ತಂದೆವೆಂದು ಭಾವಿಸಿರಿ. ಎರಡರ ಬಲದ ಮಟ್ಟವೂ 50 ಕಿಲೋಗ್ರಾಮೇ. ಆದರೆ ಮೊದಲನೆಯದರ ಆಕಾರಾಂಕ 5, ಎರಡನೆಯದರದು 20. ಸರಾಸರಿ ತೆಗೆದರೆ ಮೊದಲನೆಯದಕ್ಕೆ 46, ಎರಡನೆಯದಕ್ಕೆ 49 ಬರುವುದು. ಸರಾಸರಿಯನ್ನು ಮಾತ್ರ ನೋಡುವ ವ್ಯಾಪಾರಿಯು “ಎರಡೂ ಹೆಚ್ಚುಕಡಮೆ ಒಂದೇ” ಎನ್ನುವನು. ಆದರೆ ಮೊದಲನೆಯ ಮೂವತ್ತರಲ್ಲಿ ಅತಿ ದುರ್ಬಲವಾದ ಪಟ್ಟಿಯು 25 ಕಿಲೋಗ್ರಾಮಿನ ಸುಮಾರಿಗೇ ಮುರಿದಿರುವುದು, ಅತಿ ಬಲವಾದುದು 64ರವರೆಗೂ ತಾಳಿರುವುದು. ಎರಡನೆಯದರಲ್ಲಿ ಎಲ್ಲವೂ ಸುಮಾರು 42ರಿಂದ 53ರೊಳಗೆ ಮುಗಿದಿರುವುವು.

ಇನ್ನು ಈ ವಸ್ತುವಿನ ಮೇಲೆ ಬಳಕೆಯಲ್ಲಿ 25 ಕಿಲೋಗ್ರಾಂ, ಎಂದರೆ ಮಟ್ಟದ ಅರ್ಧದಷ್ಟು, ಹೊರೆ ಬೀಳುವುದೆಂದು ಇಟ್ಟುಕೊಳ್ಳೋಣ. ಒಡೆಯುವ ಸಂಭವವನ್ನು ಕಂಡುಹಿಡಿಯಲು ವೈಬುಲ್ಲರ ಸೂತ್ರವು ಸಣ್ಣ ಹೊರೆಗಳಿಗೆ ಬಹು ಸುಲಭವಾದ ದಾರಿಯನ್ನು ಕೊಡುವುದು: ಅರ್ಧವನ್ನು ಆಕಾರಾಂಕ ಎಷ್ಟಿದೆಯೋ ಅಷ್ಟು ಸಲ ಗುಣಿಸಬೇಕು. ಅರ್ಧದ ಅರ್ಧ ಕಾಲು, ಅದರ ಅರ್ಧ ಅರೆಕಾಲು, ಹೀಗೆ ಐದು ಸಲಕ್ಕೆ ಮೂವತ್ತೆರಡರಲ್ಲಿ ಒಂದು ಬರುವುದು. ಎಂದರೆ ಮೊದಲನೆಯ ಆವಿಗೆಯ ವಸ್ತುವಿನಲ್ಲಿ ನೂರಕ್ಕೆ ಮೂರು ಒಡೆಯುವುವು. ಆಕಾರಾಂಕವು 10 ಆಗಿದ್ದರೆ ಹತ್ತು ಸಲ ಅರ್ಧ ಮಾಡಿ ಸಾವಿರಕ್ಕೆ ಒಂದು. 20 ಆಗಿದ್ದರೆ ಹತ್ತು ಲಕ್ಷಕ್ಕೆ ಒಂದು. ಹೊರೆಯೂ ಅದೇ, ಬಲದ ಮಟ್ಟವೂ ಅದೇ. ನೂರಕ್ಕೆ ಮೂರು ಮನೆಗಳ ಸಂಕಟವು ಹತ್ತು ಲಕ್ಷಕ್ಕೆ ಒಂದಾದುದು ಆಕಾರಾಂಕವೊಂದರಿಂದಲೇ.

ಗಾತ್ರದ ಮಾತೂ ಇದರೊಡನೆ ಸೇರಿಕೊಂಡಿದೆ. ಸರಪಣಿಯು ಉದ್ದವಾದಷ್ಟೂ ಅದರಲ್ಲಿ ಕೆಟ್ಟ ಕೊಂಡಿ ಸಿಕ್ಕುವ ಸಂಭವ ಹೆಚ್ಚು. ಹಾಗೆಯೇ ದೊಡ್ಡ ತುಂಡಿನಲ್ಲಿ ದೊಡ್ಡ ಬಿರುಕು ಸಿಕ್ಕುವ ಸಂಭವ ಹೆಚ್ಚು. ಎಳೆತಕ್ಕೆ ಒಳಗಾಗುವ ಭಾಗವು ಹತ್ತು ಪಟ್ಟು ದೊಡ್ಡದಾದರೆ, ಆಕಾರಾಂಕ 5 ಇರುವ ವಸ್ತುವಿನ ಬಲವು ನೂರರಲ್ಲಿ 63ಕ್ಕೆ ಇಳಿಯುವುದು. 20 ಇರುವುದರಲ್ಲಿ 89 ಉಳಿಯುವುದು. ಸಣ್ಣ ಪಟ್ಟಿಯನ್ನು ಮುರಿದು ಕಂಡ ಬಲವನ್ನು ದೊಡ್ಡ ವಸ್ತುವಿಗೆ ಹಾಗೆಯೇ ಆರೋಪಿಸುವುದು ಇದರಿಂದಲೇ ಅಪಾಯಕರ.

ಆಕಾರಾಂಕವನ್ನು ಅಳೆಯುವುದು ಹೇಗೆ? ಮುರಿದ ಮೂವತ್ತು ಪಟ್ಟಿಗಳ ಬಲವನ್ನು ಕಿರಿದರಿಂದ ಹಿರಿದಕ್ಕೆ ಸಾಲಾಗಿ ಬರೆದು, ಪ್ರತಿಯೊಂದಕ್ಕೂ ಅದರ ಸ್ಥಾನಕ್ಕೆ ತಕ್ಕ ಸಂಭವವನ್ನು ಕೊಡುವರು. ಸ್ಥಾನದಿಂದ ಅರ್ಧವನ್ನು ಕಳೆದು ಮೂವತ್ತರಿಂದ ಭಾಗಿಸುವುದು ರೂಢಿ. ಅನಂತರ ವೈಬುಲ್ ಮಾದರಿಯಂತೆ ಗೆರೆ ಎಳೆದ ಕಾಗದದ ಮೇಲೆ ಚುಕ್ಕೆಗಳನ್ನಿಟ್ಟರೆ, ಅವು ಸರಿಸುಮಾರಾಗಿ ನೇರವಾದ ಗೆರೆಯಲ್ಲಿ ನಿಲ್ಲುವುವು. ಆ ಗೆರೆಯ ಕಡಿದಾದ ಓರೆಯೇ ಆಕಾರಾಂಕ. ಐದಾರು ಪಟ್ಟಿಗಳನ್ನು ಮುರಿದು ಹೇಳಿದ ಅಂಕಕ್ಕೆ ಬೆಲೆಯಿಲ್ಲ. ಮೂವತ್ತನ್ನು ಮುರಿದಾಗಲೂ 10 ಎಂದು ಬಂದುದು ನಿಜವಾಗಿ 8 ಆಗಿರಬಹುದು, 12 ಆಗಿರಬಹುದು.

ಕೆಲವೊಮ್ಮೆ ಚುಕ್ಕೆಗಳು ನೇರವಾಗಿ ನಿಲ್ಲದೆ ನಡುವೆ ಮೊಣಕೈಯಂತೆ ಬಾಗುವುವು. ಎರಡು ಬಗೆಯ ದೋಷಗಳು ಬೆರೆತಿರಬಹುದೆಂಬುದಕ್ಕೆ ಇದು ಗುರುತು. ಕೆಲವು ಪಟ್ಟಿಗಳು ಒಳಗಿನ ರಂಧ್ರದಿಂದಲೂ, ಕೆಲವು ಸಾಣೆಯ ಗೀರಿನಿಂದಲೂ ಮುರಿದಿರುವುವು. ಆಗ ಒಂದೇ ಆಕಾರಾಂಕವನ್ನು ಹೇಳುವುದು ಇಬ್ಬರು ರೋಗಿಗಳ ನಾಡಿಯನ್ನು ಕೂಡಿಸಿ ಸರಾಸರಿ ತೆಗೆದಂತೆ. ಮುರಿದ ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ, ಬಿರುಕು ಹುಟ್ಟಿದ ಸ್ಥಳದ ಸುತ್ತಲೂ ಕನ್ನಡಿಯಂತೆ ನುಣುಪಾದ ಒಂದು ವಲಯವು ಅನೇಕ ವೇಳೆ ಕಾಣುವುದು. ಅದರ ನಡುವೆ ಇರುವುದು ರಂಧ್ರವೋ ಗೀರೋ ಎಂದು ತಿಳಿದು, ಎರಡನ್ನೂ ಬೇರ್ಪಡಿಸಿ ಲೆಕ್ಕ ಮಾಡಬೇಕು.

ಇದಕ್ಕೂ ದೊಡ್ಡದಾದ ಮಿತಿಯೊಂದುಂಟು. ಮೂವತ್ತು ಪಟ್ಟಿಗಳು ಮೂವತ್ತಕ್ಕೆ ಒಂದರ ಅಪಾಯವನ್ನು ಕಣ್ಣಾರೆ ತೋರಿಸಬಲ್ಲುವು. ಹತ್ತು ಲಕ್ಷಕ್ಕೆ ಒಂದೆಂಬುದು ಗೆರೆಯನ್ನು ಕಾಣದ ಕಡೆಗೆ ಎಳೆದು ಪಡೆದ ಮಾತು. ಆದುದರಿಂದ ಕೀಲಿನ ಗುಂಡುಗಳನ್ನು ಮಾಡುವವರು ಗೆರೆಯನ್ನಷ್ಟೇ ನಂಬದೆ, ಮಾರುವ ಮುನ್ನ ಗುಂಡುಗಳ ಮೇಲೆ ಬಳಕೆಯ ಹೊರೆಗಿಂತ ಹೆಚ್ಚಿನ ಹೊರೆಯನ್ನು ಹೇರಿ ನೋಡುವ ಕ್ರಮವನ್ನು ತಂದರು. ದೊಡ್ಡ ಬಿರುಕುಳ್ಳವು ಅಲ್ಲಿಯೇ ಒಡೆದುಹೋಗುವುವು. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುವ ನಮ್ಮ ಹಳೆಯ ಪದ್ಧತಿಗೆ ಇದು ಅಣ್ಣನೆನ್ನಬಹುದು.

ಆದರೂ ಅಂದಿನ ಪರೀಕ್ಷೆಯು ಮುಂದೆ ಹುಟ್ಟುವ ಬಿರುಕನ್ನು ಕಾಣಲಾರದು. ಜಿರ್ಕೋನಿಯಾ ಎಂಬ ಇನ್ನೊಂದು ಪಿಂಗಾಣಿಯು ಅಲ್ಯೂಮಿನಾಕ್ಕಿಂತ ಬಲವಾದುದೆಂದು ಹೆಸರಾಗಿ, ಅದರ ಗುಂಡುಗಳು ಬಳಕೆಗೆ ಬಂದಿದ್ದುವು. ಫ್ರಾನ್ಸಿನ ಒಂದು ಕಾರ್ಖಾನೆಯು 1998ರಲ್ಲಿ ಅವುಗಳನ್ನು ಸುಡುವ ಕುಲುಮೆಯನ್ನು ಬದಲಾಯಿಸಿ, ಒಂದೊಂದು ತಂಡವಾಗಿ ಸುಡುವುದಕ್ಕೆ ಬದಲು ಸುರಂಗದಂತಹ ಕುಲುಮೆಯಲ್ಲಿ ಸಾಗಿಸುತ್ತ ಸುಡಲಾರಂಭಿಸಿತು. ಕೆಲವೇ ವರ್ಷಗಳಲ್ಲಿ ಕೆಲವು ತಂಡಗಳ ಗುಂಡುಗಳು ರೋಗಿಗಳ ದೇಹದಲ್ಲಿಯೇ ಎಂದಿಗಿಂತ ಹೆಚ್ಚಾಗಿ ಒಡೆದುವು; 2001ರಲ್ಲಿ ಅವುಗಳನ್ನು ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಜಿರ್ಕೋನಿಯಾದ ಹರಳುಗಳು ದೇಹದ ತೇವದಲ್ಲಿ ಮೆಲ್ಲಮೆಲ್ಲನೆ ರೂಪಾಂತರ ಹೊಂದಿ ಉಬ್ಬುವುವು. ಸುಡುವಿಕೆಯಲ್ಲಿ ಆದ ಸಣ್ಣ ವ್ಯತ್ಯಾಸವು ಈ ಕೇಡನ್ನು ತ್ವರೆಗೊಳಿಸಿತ್ತು. ಹಳೆಯ ಕುಲುಮೆಯ ಪಟ್ಟಿಗಳಿಂದ ಪಡೆದ ಆಕಾರಾಂಕವು ಹೊಸ ಕುಲುಮೆಗೆ ಸಾಕ್ಷಿಯಾಗಲಾರದು. ಒಣಗಿದ ಪಟ್ಟಿಯ ಅಂಕವು ವರ್ಷಗಟ್ಟಲೆ ನೆಂದ ಗುಂಡಿಗೆ ಸಲ್ಲದು.

ಆದುದರಿಂದ ಪಿಂಗಾಣಿಯ ವಸ್ತುವೊಂದನ್ನು ಯಾರಾದರೂ “ಬಹಳ ಬಲವಾದುದು” ಎಂದು ಹೊಗಳಿದಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಅದರ ಬಲವು ಎಷ್ಟು ಚೆದರಿದೆ? ಆ ಚೆದರಿಕೆಯನ್ನು ಎಷ್ಟು ತುಂಡುಗಳನ್ನು ಮುರಿದು, ಯಾವ ಕುಲುಮೆಯ ಮಾಲಿನಿಂದ ತಿಳಿದರು? ತೇವದಲ್ಲಿ ಕಾಲ ಕಳೆದ ಮೇಲೆಯೂ ಅದು ಹಾಗೆಯೇ ಇರುವುದೇ? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಸರಾಸರಿಯನ್ನು ಕೇಳಿದರೂ ತಡವಾಗದು. ಒಡೆಯುವುದು ಸರಾಸರಿಯ ಗುಂಡಲ್ಲ. ಸಾಲಿನ ಮೊದಲಲ್ಲಿ ನಿಂತಿರುವ ಅತ್ಯಂತ ದುರ್ಬಲವಾದ ಗುಂಡು.